ಚಪ್ಪಲಿ ಸ್ಟ್ಯಾಂಡಿನ ಟೋಕನ್ನೂ ಬ್ರೌಸರಿನ ಕುಕಿಯೂ

ತುಮಕೂರಿನ ನನ್ನ ಕಂಪ್ಯೂಟರ್ ತರಗತಿಯಲ್ಲಿ ಕ್ಲೌಡ್ ಮತ್ತು ಬಗ್ ಎಂಬ ಪದಗಳಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಒಳಗೇನಿದೆಯೆಂದು ಬಿಡಿಸಿ ತೋರಿಸುವ ಅಗತ್ಯವಿಲ್ಲದ ಜಾಲವನ್ನು ಎಂಜಿನಿಯರುಗಳು ನಕ್ಷೆಯಲ್ಲಿ ಮೋಡದ ಆಕಾರವಾಗಿ ಗೀಚುತ್ತಿದ್ದರು, ಆ ಆಕಾರದ ಹೆಸರೇ ಉಳಿಯಿತು ಎಂದರೆ ಸಾಕು. ಬಗ್ ವಿಷಯದಲ್ಲಿ 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇಯೊಳಗೆ ಸಿಕ್ಕಿದ ಪತಂಗದ ಕಥೆಯನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಪದ ಹುಟ್ಟಿದ್ದು ಮಾತ್ರ ಅಲ್ಲಿಯಲ್ಲ, ಎಡಿಸನ್ 1878ರ ಪತ್ರವೊಂದರಲ್ಲೇ ಯಂತ್ರಗಳ ಸಣ್ಣ ದೋಷಗಳನ್ನು ಬಗ್ ಎಂದು ಕರೆದಿದ್ದರು. ತೊಡಕಿರುವುದು ಕುಕಿಯಲ್ಲಿ. ಬಿಸ್ಕತ್ತಿಗೂ ಬ್ರೌಸರಿಗೂ ಏನು ನಂಟೆಂದು ಹೊಳೆಯದ ಕಾರಣ ಬಹಳ ಮಂದಿ ಅದನ್ನು ವೈರಸ್ಸಿನ ತಮ್ಮನೆಂದೇ ಭಾವಿಸಿದ್ದಾರೆ.

ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುತ್ತಿದ್ದವರು ಮ್ಯಾಜಿಕ್ ಕುಕಿ ಎನ್ನುತ್ತಿದ್ದದ್ದು ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಕೊಡುವ ಗುರುತಿನ ತುಣುಕಿಗೆ. ಪಡೆದವರು ಅದನ್ನು ಬಿಡಿಸಿ ಓದಬೇಕಾಗಿಲ್ಲ, ತಿದ್ದಬಾರದು, ಕೇಳಿದಾಗ ಹಾಗೆಯೇ ಹಿಂದಿರುಗಿಸಿದರಾಯಿತು. ದೇವಸ್ಥಾನದ ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಟೋಕನ್ ಮಾಡುವುದೂ ಇದನ್ನೇ. ಅದರ ಮೇಲಿನ 47 ಎಂಬ ಅಂಕಿಯಿಂದ ನಿಮ್ಮ ಚಪ್ಪಲಿಯ ಬಣ್ಣವಾಗಲಿ ಅಳತೆಯಾಗಲಿ ತಿಳಿಯುವುದಿಲ್ಲ. ಅದರ ಅರ್ಥವೆಲ್ಲ ಸ್ಟ್ಯಾಂಡಿನವನ ಗೂಡಿನಲ್ಲಿದೆ.

1994ರಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಈ ಹೆಸರನ್ನೂ ಉಪಾಯವನ್ನೂ ವೆಬ್‌ಗೆ ತಂದರು. ವೆಬ್ ಸರ್ವರಿಗೆ ನೆನಪೆಂಬುದಿಲ್ಲ. ಈಗ ಪುಟ ಕೇಳಿದವರು ಕ್ಷಣದ ಹಿಂದೆ ಬುಟ್ಟಿಗೆ ಸಾಮಾನು ಹಾಕಿದವರೇ ಎಂಬುದು ಅದಕ್ಕೆ ತಾನಾಗಿ ತಿಳಿಯದು. ಆದ್ದರಿಂದ ನೀವು ಲಾಗಿನ್ ಆದೊಡನೆ ಸರ್ವರು ಇಂಥದೊಂದು ಸಾಲನ್ನು ಬ್ರೌಸರಿಗೆ ಕಳುಹಿಸುತ್ತದೆ:

```
Set-Cookie: sessionid=k7Qp2xV9; Secure; HttpOnly
```

ಅಲ್ಲಿಂದಾಚೆ ಆ ತಾಣದ ಪ್ರತಿ ಕೋರಿಕೆಯ ಜೊತೆಗೂ ಬ್ರೌಸರು ಈ ಸಾಲನ್ನು ಸೇರಿಸುತ್ತದೆ:

```
Cookie: sessionid=k7Qp2xV9
```

ಇದರಲ್ಲಿ ನಿಮ್ಮ ಹೆಸರಿಲ್ಲ, ಪಾಸ್‌ವರ್ಡೂ ಇಲ್ಲ. ಇದು ಪ್ರೋಗ್ರಾಮಲ್ಲ, ಬರಿಯ ಪಠ್ಯ, ಆದ್ದರಿಂದ ತಾನಾಗಿ ಏನನ್ನೂ ಮಾಡಲಾರದು. ಅಪಾಯವಿರುವುದು ಟೋಕನ್ನಿನ ಸ್ವಭಾವದಲ್ಲೇ: ಅದು ಯಾರ ಕೈಯಲ್ಲಿದೆಯೋ ಚಪ್ಪಲಿ ಅವರದು.

ಕಳೆದ ವರ್ಷ ಪರಿಚಯದ ಸೈಬರ್ ಸೆಂಟರಿನಲ್ಲಿ ಕುಳಿತಿದ್ದಾಗ ಇದನ್ನು ಕಣ್ಣಾರೆ ಕಂಡೆ. ಗುಬ್ಬಿ ಕಡೆಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಿ, ಪ್ರಿಂಟ್ ತೆಗೆಸಿಕೊಂಡು, ಟ್ಯಾಬ್ ಮುಚ್ಚಿ ಹೋದಳು. ಹತ್ತು ನಿಮಿಷದ ನಂತರ ಅದೇ ಕಂಪ್ಯೂಟರಿನಲ್ಲಿ ಅದೇ ತಾಣವನ್ನು ತೆರೆದ ಹುಡುಗ, "ಅಣ್ಣಾ, ಇದರಲ್ಲಿ ಬೇರೆ ಯಾರದೋ ಹೆಸರು ಬರ್ತಿದೆ" ಎಂದು ಮಾಲೀಕನನ್ನು ಕರೆದ. ಹುಡುಗಿಯ ಬ್ಯಾಂಕ್ ಖಾತೆಯ ವಿವರವೂ ಪರದೆಯ ಮೇಲಿತ್ತು. ಮಾಲೀಕನು ತಾಣದಲ್ಲಿ ಬಗ್ ಇದೆ ಎಂದು ಬೈದುಕೊಂಡನು. ಆದರೆ ತಾಣ ತನ್ನ ಕ್ರಮದಂತೆಯೇ ನಡೆದಿತ್ತು.

ಎಫ್12 ಒತ್ತಿ, `Application` ಎಂಬಲ್ಲಿ `Cookies` ತೆರೆದು ಅವನಿಗೆ ತೋರಿಸಿದೆ. ಕುಕಿಯ ಹೆಸರಿನ ಸಾಲಿನಲ್ಲಿ ಅವಧಿಯ ಕೆಳಗೆ `Session` ಎಂದಿತ್ತು. ದಿನಾಂಕವಿಲ್ಲದ ಇಂಥ ಕುಕಿ ಬ್ರೌಸರನ್ನು ಪೂರ್ತಿ ಮುಚ್ಚಿದಾಗ ಅಳಿಯಬೇಕು, ಬರಿಯ ಟ್ಯಾಬ್ ಮುಚ್ಚಿದರೆ ಉಳಿಯುತ್ತದೆ. ಆ ಹುಡುಗಿ ಮುಚ್ಚಿದ್ದು ಟ್ಯಾಬನ್ನು ಮಾತ್ರ. ಬ್ರೌಸರನ್ನೇ ಮುಚ್ಚಿದ್ದರೂ ಅಲ್ಲಿ ಫಲವಿರುತ್ತಿರಲಿಲ್ಲವೇನೋ, ಏಕೆಂದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯುವ ಆಯ್ಕೆಯನ್ನು ಮಾಲೀಕನು ಕ್ರೋಮ್‌ನಲ್ಲಿ ಹಾಕಿಟ್ಟಿದ್ದನು, ಆ ಆಯ್ಕೆಯಿದ್ದಾಗ ಇಂಥ ಕುಕಿಗಳೂ ಟ್ಯಾಬುಗಳ ಜೊತೆ ಮರಳಿ ಬರುತ್ತವೆ.

"ಹಿಸ್ಟರಿ ದಿನಾ ಅಳಿಸ್ತೀನಲ್ಲ ಸರ್" ಎಂದನು. ಹಿಸ್ಟರಿಯೆಂದರೆ ಹೋಗಿಬಂದ ದಾರಿಯ ಪಟ್ಟಿ. ಕುಕಿಗಳನ್ನು ಅಳಿಸಲು ಅದೇ ಕಿಟಕಿಯಲ್ಲಿ ಬೇರೆಯ ಗುರುತು ಹಾಕಬೇಕು. ಅದನ್ನು ಹಾಕಿ ಅಳಿಸಿದರೂ ಟೋಕನ್ನನ್ನು ಹೊರಗೆ ಬಿಸಾಡಿದಂತಾಯಿತೇ ಹೊರತು ಸ್ಟ್ಯಾಂಡಿನ ಗೂಡು ಖಾಲಿಯಾಗಲಿಲ್ಲ. ಸರ್ವರಿನ ಲೆಕ್ಕದಲ್ಲಿ ಆ ಸಂಖ್ಯೆ ಅದರ ಅವಧಿ ಮುಗಿಯುವವರೆಗೂ ಚಲಾವಣೆಯಲ್ಲಿರುತ್ತದೆ, ಯಾರಾದರೂ ಮೊದಲೇ ನಕಲು ಮಾಡಿಕೊಂಡಿದ್ದರೆ ಅವರಿಗೆ ಬಾಗಿಲು ತೆರೆದೇ ಇರುತ್ತದೆ. ಸರಿಯಾಗಿ ಕಟ್ಟಿದ ತಾಣದಲ್ಲಿ ಲಾಗ್‌ಔಟ್ ಒತ್ತಿದರೆ ಸರ್ವರೇ ಆ ಸಂಖ್ಯೆಯನ್ನು ರದ್ದು ಮಾಡುತ್ತದೆ. ಎಲ್ಲ ತಾಣಗಳೂ ಹಾಗೆ ಮಾಡುವುದಿಲ್ಲ. ಕೆಲವು ಬ್ರೌಸರಿನಲ್ಲಿರುವುದನ್ನು ಅಳಿಸಿ ಸುಮ್ಮನಾಗುತ್ತವೆ, ಅದು ಹೊರಗಿನಿಂದ ನೋಡುವವರಿಗೆ ತಿಳಿಯುವುದೂ ಇಲ್ಲ.

ಆ ದಿನ ಹುಡುಗಿಯ ಖಾತೆಯಿಂದ ನಾವೇ ಲಾಗ್‌ಔಟ್ ಮಾಡಿದೆವು. ಮಾಲೀಕನು ಕ್ರೋಮ್‌ನ ಆ ಆಯ್ಕೆಯನ್ನು ತೆಗೆದು, ಗಿರಾಕಿಗಳಿಗೆಲ್ಲ ಇನ್‌ಕಾಗ್ನಿಟೊ ಕಿಟಕಿಯನ್ನೇ ತೆರೆದುಕೊಡಲು ಶುರುಮಾಡಿದನು. ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದರೆ ಅವುಗಳ ಕುಕಿಗಳು ಹೋಗುತ್ತವೆ, ಒಂದನ್ನು ತೆರೆದಿಟ್ಟರೂ ಉಳಿಯುತ್ತವೆ. ಅದಕ್ಕೇ ಈಗ ಅವನು ಪ್ರತಿ ಗಿರಾಕಿ ಎದ್ದ ಮೇಲೆ ಕೆಳಗಿನ ಪಟ್ಟಿಯಲ್ಲಿ ಅಡಗಿರುವ ಕಿಟಕಿಗಳನ್ನು ಒಂದೊಂದಾಗಿ ಹುಡುಕಿ ಮುಚ್ಚುತ್ತಾನೆ.