ಒಂದೇ ಜಿಡಿಪಿಗೆ ಎರಡು ಡಾಲರ್ ಲೆಕ್ಕ ಯಾಕೆ?

ಓದುಗರ ಪ್ರಶ್ನೆ: ಒಂದು ಕಡೆ ಭಾರತ ಜಗತ್ತಿನ 3ನೇ ದೊಡ್ಡ ಎಕಾನಮಿ ಅಂತ ಬರೀತಾರೆ, ಇನ್ನೊಂದು ಕಡೆ ಜರ್ಮನಿಗಿಂತ ಕೆಳಗಿದೀವಿ ಅಂತಾರೆ. ಎರಡೂ ಡಾಲರ್ ಲೆಕ್ಕಾನೇ, ಹಾಗಿದ್ರೆ ಯಾವುದು ಸುಳ್ಳು?

ಎರಡೂ ಸುಳ್ಳಲ್ಲ. ರೂಪಾಯಿಯನ್ನ ಡಾಲರ್ ಮಾಡೋಕೆ ಎರಡು ಬೇರೆ ಬೇರೆ ರೇಟ್ ಹಾಕಿರ್ತಾರೆ ಅಷ್ಟೆ. 2017ರ ಲೆಕ್ಕಾನೇ ತಗೊಳ್ಳಿ, ಆ ವರ್ಷ ನಮ್ಮ ಜಿಡಿಪಿ ಸುಮಾರು 166 ಲಕ್ಷ ಕೋಟಿ ರೂಪಾಯಿ. ಮಾರ್ಕೆಟ್ ರೇಟ್ ಡಾಲರಿಗೆ ಸರಾಸರಿ 65.12 ರೂಪಾಯಿ ಇತ್ತು, ಅದ್ರಿಂದ ಭಾಗಿಸಿದ್ರೆ 2.55 ಟ್ರಿಲಿಯನ್ ಡಾಲರ್ ಬರುತ್ತೆ. ಅದೇ ವರ್ಷಕ್ಕೆ ವಿಶ್ವಬ್ಯಾಂಕ್ ಬೆಲೆಗಳನ್ನ ಹೋಲಿಸಿ ಕೊಟ್ಟ ಪಿಪಿಪಿ ರೇಟ್, ಅಂದ್ರೆ ಕೊಳ್ಳುವ ಶಕ್ತಿಯ ರೇಟ್, 20.65 ರೂಪಾಯಿ. ಅದ್ರಿಂದ ಭಾಗಿಸಿದ್ರೆ 8.05 ಟ್ರಿಲಿಯನ್. ಅಮೆರಿಕದ್ದು ಎರಡು ಲೆಕ್ಕದಲ್ಲೂ 19.5 ಟ್ರಿಲಿಯನ್ನೇ, ಯಾಕಂದ್ರೆ ಅಳತೆಗೋಲೇ ಅವರ ಡಾಲರ್. ಹಾಗಾಗಿ ಒಂದು ಲೆಕ್ಕದಲ್ಲಿ ನಾವು ಅಮೆರಿಕದ ನೂರಕ್ಕೆ 13ರಷ್ಟು, ಇನ್ನೊಂದ್ರಲ್ಲಿ 41ರಷ್ಟು.

ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು ಅಂದ್ರೆ, ಗಡಿ ದಾಟದ ಕೆಲಸಗಳಿಂದ. ದಾವಣಗೆರೆಯಲ್ಲಿ ಕಟಿಂಗ್‌ಗೆ 100 ರೂಪಾಯಿ, ಅಮೆರಿಕದಲ್ಲಿ 25 ಡಾಲರ್ ಅಂತ ಇಟ್ಕೊಳ್ಳಿ. ಮಾರ್ಕೆಟ್ ರೇಟಲ್ಲಿ ನಮ್ಮ ಕಟಿಂಗ್ ಒಂದೂವರೆ ಡಾಲರ್ ಆಗುತ್ತೆ, ಅವರದ್ದು 25 ಡಾಲರ್ರೇ, ಆದ್ರೆ ಆಗಿರೋ ಕೆಲಸ ಎರಡೂ ಕಡೆ ಒಂದೇ ತಾನೆ? ಕ್ರೂಡ್ ಆಯಿಲ್, ಚಿನ್ನ, ಮೊಬೈಲ್ ಇಂಥವು ದೇಶ ದಾಟಿ ಓಡಾಡ್ತವೆ, ಅವುಗಳ ಬೆಲೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತೆ, ವಿನಿಮಯ ದರಾನೂ ಇಂಥ ವ್ಯಾಪಾರ ಮತ್ತು ಒಳಗೆ ಹೊರಗೆ ಹರಿಯೋ ಬಂಡವಾಳದಿಂದಾನೇ ನಿರ್ಧಾರ ಆಗೋದು. ಮನೆ ಬಾಡಿಗೆ, ಟ್ಯೂಷನ್ ಫೀಸು, ಗಾರೆ ಕೆಲಸದ ಕೂಲಿ ಅದ್ರಲ್ಲಿ ಲೆಕ್ಕಕ್ಕೇ ಬರಲ್ಲ.

ಶ್ರೀಮಂತ ದೇಶದಲ್ಲಿ ಕ್ಷೌರ ದುಬಾರಿ ಆಗೋದು ಅಲ್ಲಿನವರು ಕತ್ತರಿ ಜೋರಾಗಿ ಆಡಿಸ್ತಾರೆ ಅಂತಲ್ಲ. ಅಲ್ಲಿ ಫ್ಯಾಕ್ಟರಿಯಲ್ಲಿ ಒಬ್ಬ ಕೆಲಸಗಾರ ಗಂಟೆಗೆ ಬಹಳ ಹೆಚ್ಚು ಮಾಲು ತಯಾರಿಸ್ತಾನೆ, ಅದಕ್ಕೆ ಅವನ ಸಂಬಳ ಜಾಸ್ತಿ. ಕ್ಷೌರದವನಿಗೂ ಅದಕ್ಕೆ ಹತ್ತಿರದ ಸಂಪಾದನೆ ಸಿಗ್ಲಿಲ್ಲ ಅಂದ್ರೆ ಅವನೂ ಫ್ಯಾಕ್ಟರಿಗೇ ಹೋಗ್ಬಿಡ್ತಾನೆ. 1964ರಲ್ಲಿ ಬಲಾಸ ಮತ್ತು ಸ್ಯಾಮ್ಯುಯೆಲ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ಬೇರೆ ಬೇರೆಯಾಗಿ ವಿವರಿಸಿದ್ರು. ಆದ್ದರಿಂದ 20.65 ನೋಡಿ ರೂಪಾಯಿಯ "ನಿಜವಾದ" ರೇಟ್ ಅದೇ, ಒಂದಿನ ಡಾಲರ್ ಅಲ್ಲಿಗೇ ಇಳಿಯುತ್ತೆ ಅನ್ನೋದು ತಪ್ಪು. ನಮ್ಮಲ್ಲಿ ಕೂಲಿ ಕಡಿಮೆ ಇರೋವರೆಗೂ ಈ ಅಂತರ ಇದ್ದೇ ಇರುತ್ತೆ.

ಯಾವುದನ್ನ ಯಾವಾಗ ನೋಡ್ಬೇಕು ಅಂದ್ರೆ, ದೇಶದ ಒಳಗೆ ಒಟ್ಟು ಎಷ್ಟು ಸರಕು, ಎಷ್ಟು ಸೇವೆ ಹುಟ್ಟುತ್ತೆ ಅಂತ ಹೋಲಿಸೋಕೆ ಪಿಪಿಪಿ. ಹೊರಗಿಂದ ತೈಲ ತರೋಕೆ, ಯುದ್ಧವಿಮಾನ ಕೊಳ್ಳೋಕೆ, ಡಾಲರ್ ಸಾಲ ತೀರಿಸೋಕೆ ಮಾರ್ಕೆಟ್ ರೇಟೇ, ಅಲ್ಲಿ ನಮ್ಮ ಅಗ್ಗದ ಕಟಿಂಗ್ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಆದ್ರೆ ಮಾರ್ಕೆಟ್ ರೇಟಿಗೂ ಒಂದು ತೊಂದರೆ ಇದೆ, 2013ರ ಮೇ ತಿಂಗಳಲ್ಲಿ 55ರ ಆಸುಪಾಸಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು, ಆ ರೇಟಲ್ಲಿ ಅಳೆದ್ರೆ ದೇಶದ ಎಕಾನಮಿ ಮೂರೇ ತಿಂಗಳಲ್ಲಿ ಐದನೇ ಒಂದು ಭಾಗ ಕರಗಿದ ಹಾಗೆ ಕಾಣುತ್ತೆ, ಹೊಲ, ಫ್ಯಾಕ್ಟರಿ, ಅಂಗಡಿ ಎಲ್ಲಾ ಇದ್ದಲ್ಲೇ ಇದ್ರೂ!

ಹಾಗಂತ ಪಿಪಿಪಿ ಅಂಕಿಯನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ, ಇಲ್ಲೇ ತುಂಬಾ ಜನ ಎಡವೋದು. ವಿನಿಮಯ ದರ ಮಾರುಕಟ್ಟೆಯಲ್ಲಿ ಕಣ್ಣಿಗೆ ಕಾಣುತ್ತೆ, ಪಿಪಿಪಿ ರೇಟ್ ಅಂದಾಜು. ದೇಶದೇಶಗಳಲ್ಲಿ ನೂರಾರು ವಸ್ತುಗಳ ಬೆಲೆ, ಬಾಡಿಗೆ, ಸರ್ಕಾರಿ ಸಂಬಳ ಎಲ್ಲಾ ಸಂಗ್ರಹಿಸಿ, ಜನ ಯಾವುದಕ್ಕೆ ಎಷ್ಟು ಖರ್ಚು ಮಾಡ್ತಾರೋ ಅದರ ತೂಕ ಹಾಕಿ ಸರಾಸರಿ ತೆಗೀತಾರೆ, ಅದೂ ಕೆಲವು ವರ್ಷಕ್ಕೊಮ್ಮೆ. 2005ರ ಸುತ್ತಿನ ಫಲಿತಾಂಶ 2007ರ ಕೊನೆಗೆ ಬಂದಾಗ ಚೀನಾ, ಭಾರತ ಎರಡರ ಪಿಪಿಪಿ ಗಾತ್ರ ಹಳೇ ಅಂದಾಜಿಗಿಂತ ಸುಮಾರು ನೂರಕ್ಕೆ 40ರಷ್ಟು ಕುಸಿದಿತ್ತು. ಯಾಕಂದ್ರೆ ಚೀನಾ ಅದಕ್ಕೂ ಮುಂಚೆ ಈ ಸರ್ವೆಯಲ್ಲಿ ಭಾಗವಹಿಸೇ ಇರಲಿಲ್ಲ, ಭಾರತ ಕೊನೇ ಸಲ ಸೇರಿದ್ದು 1985ರಲ್ಲಿ, ಅಷ್ಟು ಹಳೇ ಬೆಲೆಗಳನ್ನೇ ಎಳ್ಕೊಂಡು ಬಂದಿದ್ರು. ಮೇಲಾಗಿ 2005ರಲ್ಲಿ ಚೀನಾದ ಬೆಲೆ ತಗೊಂಡಿದ್ದು 11 ನಗರಗಳಿಂದ, ನಗರದ ಬೆಲೆ ಜಾಸ್ತಿ ಇರೋದ್ರಿಂದ ದೇಶಾನೇ ಚಿಕ್ಕದಾಗಿ ಕಂಡಿತು ಅನ್ನೋ ಟೀಕೆ ಬಂತು. 2011ರ ಸುತ್ತಿನ ಫಲಿತಾಂಶ 2014ರಲ್ಲಿ ಬಂದಾಗ ಮತ್ತೆ ಮೇಲಕ್ಕೆ ಹೋಯ್ತು, ಭಾರತ ಜಪಾನನ್ನ ದಾಟಿ 3ನೇ ಸ್ಥಾನಕ್ಕೆ ಬಂದಿದ್ದು ಆವಾಗಲೇ.

ಐಎಂಎಫ್‌ನಲ್ಲಿ ಯಾವ ದೇಶಕ್ಕೆ ಎಷ್ಟು ಕೋಟಾ ಅಂತ ಲೆಕ್ಕ ಹಾಕೋ ಸೂತ್ರದಲ್ಲಿ ಈ ಎರಡನ್ನೂ ಬೆರೆಸ್ತಾರೆ, ಜಿಡಿಪಿ ಭಾಗದಲ್ಲಿ ಮಾರ್ಕೆಟ್ ರೇಟಿನ ಗಾತ್ರಕ್ಕೆ ನೂರಕ್ಕೆ 60, ಪಿಪಿಪಿ ಗಾತ್ರಕ್ಕೆ 40ರ ತೂಕ. ಪಿಪಿಪಿ ತೂಕ ಏರಿಸಿದಷ್ಟೂ ನಮ್ಮಂಥ ದೇಶಗಳ ಲೆಕ್ಕದ ಪಾಲು ಹೆಚ್ಚುತ್ತೆ.