ಕೌಂಟರ್‌ಬ್ಯಾಲೆನ್ಸ್ ವಾಲ್ವ್ ಇದ್ರೂ ಲೋಡ್ ಯಾಕೆ ಕೆಳಗೆ ಜಾರತ್ತೆ?

ಪ್ರಶ್ನೆ: ಲಿಫ್ಟ್ ಟೇಬಲ್ ಸಿಲಿಂಡರ್‌ಗೆ ಸೀಲ್ ಕಿಟ್ ಹೊಸದು, ಕೌಂಟರ್‌ಬ್ಯಾಲೆನ್ಸ್ ವಾಲ್ವೂ ಇದೆ. ಆದ್ರೂ ಲಿವರ್ ನಡುವೆ ಬಿಟ್ಟಾಗ ಲೋಡ್ ನಿಧಾನಕ್ಕೆ ಇಳಿಯತ್ತೆ, ಪಂಪ್ ಆಫ್ ಮಾಡಿದ್ರೆ ಸ್ವಲ್ಪ ಹೊತ್ತಲ್ಲಿ ನಿಲ್ಲತ್ತೆ. ಏನ್ ಸಾರ್ ಇದು?

ಪಂಪ್ ಆಫ್ ಮಾಡಿದ್ರೆ ನಿಲ್ಲತ್ತೆ ಅಂದ್ರಲ್ಲ, ಅಲ್ಲೇ ಇದೆ ಸುಳಿವು.

ಡೈರೆಕ್ಷನ್ ವಾಲ್ವ್‌ನ ಸ್ಪೂಲ್ ಜಾರ್ಬೇಕು ಅಂದ್ರೆ ಸುತ್ತ ಕೆಲವು ಮೈಕ್ರಾನ್ ಸಂದು ಇರ್ಲೇಬೇಕು, ಆ ಸಂದಲ್ಲಿ ಆಯಿಲ್ ಯಾವಾಗ್ಲೂ ಸ್ವಲ್ಪ ನುಸುಳತ್ತೆ, ಅದಕ್ಕೇ ಲೋಡ್ ಹಿಡಿಯೋ ಕೆಲ್ಸ ಸ್ಪೂಲ್‌ಗೆ ಕೊಡಲ್ಲ, ಸಿಲಿಂಡರ್ ಪೋರ್ಟ್‌ಗೇ ಕೂರಿಸಿದ ಕೌಂಟರ್‌ಬ್ಯಾಲೆನ್ಸ್ ವಾಲ್ವ್‌ಗೆ ಕೊಡ್ತಾರೆ. ಅದು ಸೀಟ್ ಮೇಲೆ ಗಟ್ಟಿಯಾಗಿ ಕೂರತ್ತೆ. ಲೋಡ್ ಇಳಿಸುವಾಗ ರಾಡ್ ಕಡೆ ಲೈನಿನ ಪ್ರೆಶರ್ ಪೈಲಟ್ ಆಗಿ ಬಂದು ಅದನ್ನ ತೆರೆಯತ್ತೆ.

ಈಗ ಲೆಕ್ಕ ಹಾಕಿ. 80 ಎಂಎಂ ಬೋರ್, 4 ಟನ್ ಲೋಡ್ ಅಂದ್ರೆ ಒಳಗೆ ಸುಮಾರು 78 ಬಾರ್. ವಾಲ್ವ್ ತೆರೆಯೋ ಸೆಟ್ಟಿಂಗ್ ಸಾಮಾನ್ಯವಾಗಿ ಅದರ 1.3 ಪಟ್ಟು, ಅಂದಾಜು 100 ಬಾರ್. ಪೈಲಟ್ ರೇಶಿಯೋ 4:1 ಇದ್ರೆ, ಅಂದ್ರೆ ಪೈಲಟ್‌ನ 1 ಬಾರ್ 4 ಬಾರ್ ಕೆಲ್ಸ ಮಾಡಿದ್ರೆ, ಬಾಕಿ 22 ಬಾರ್ ದಾಟೋಕೆ ರಾಡ್ ಕಡೆ ಸುಮಾರು 5 ಬಾರ್ ಬಂದ್ರೆ ಸಾಕು, ವಾಲ್ವ್ ಬಾಯಿ ಬಿಡತ್ತೆ!

ಆ 5 ಬಾರ್ ಎಲ್ಲಿಂದ ಬರತ್ತೆ? ನಡುವಿನ ಪೊಸಿಷನ್‌ನಲ್ಲಿ ಎಲ್ಲಾ ಪೋರ್ಟ್ ಮುಚ್ಚಿರೋ ಸ್ಪೂಲ್ ಹಾಕಿದ್ರೆ, ಅದೇ ಪವರ್‌ಪ್ಯಾಕ್‌ನಿಂದ ಕ್ಲ್ಯಾಂಪೋ ಇನ್ನೊಂದೋ ಓಡ್ತಿರುವಾಗ ಪಂಪ್ ಪ್ರೆಶರ್ ಸಂದಲ್ಲಿ ನುಸುಳಿ ರಾಡ್ ಲೈನಲ್ಲಿ ಕೂಡಿಕೊಳ್ಳತ್ತೆ. ನಾವು ವಾಲ್ವ್‌ನ ಬೈತಾ ಇರ್ತೀವಿ, ಪಾಪ ಅದು ತನಗೆ ಬಂದ ಸಿಗ್ನಲ್ ಪಾಲಿಸ್ತಿದೆ ಅಷ್ಟೇ. ನಡುವಿನ ಪೊಸಿಷನ್‌ನಲ್ಲಿ ಪಂಪ್ ಪೋರ್ಟ್ ಮುಚ್ಚಿ, ಸಿಲಿಂಡರ್‌ಗೆ ಹೋಗೋ ಎ, ಬಿ ಎರಡನ್ನೂ ಟ್ಯಾಂಕ್‌ಗೆ ಬಿಡೋ ಸ್ಪೂಲ್ ಹಾಕಿಸಿ.

ಆದ್ರೆ ಖರ್ಚಿಗೆ ಮುಂಚೆ ಖಾತ್ರಿ ಮಾಡ್ಕೊಳ್ಳಿ. ಟೇಬಲ್ ಕೆಳಗೆ 10 ಎಂಎಂ ಗ್ಯಾಪ್ ಬಿಟ್ಟು ಗಟ್ಟಿ ಸ್ಟ್ಯಾಂಡ್ ಕೊಡಿ, ಇದಿಲ್ದೆ ಸ್ಪ್ಯಾನರ್ ಮುಟ್ಟಲೇಬೇಡಿ. ಪಂಪ್ ಆಫ್ ಮಾಡಿ ರಾಡ್ ಕಡೆ ಹೋಸ್‌ನ ಡೈರೆಕ್ಷನ್ ವಾಲ್ವ್ ತುದಿಯಲ್ಲಿ ನಿಧಾನಕ್ಕೆ ಸಡಿಲ ಮಾಡಿ ಬಿಚ್ಚಿ, ಆ ವಾಲ್ವ್‌ನ ಪೋರ್ಟ್‌ಗೆ ಪ್ಲಗ್ ಹಾಕಿ, ಹೋಸ್ ತುದಿ ಬಕೆಟ್‌ಗೆ ಬಿಡಿ. ಈಗ ಪಂಪ್ ಆನ್ ಮಾಡಿದ್ರೂ ಲೋಡ್ ನಿಂತೇ ಇದ್ರೆ ಕಳ್ಳ ಆ ಸೇರಿಕೊಂಡ ಪ್ರೆಶರೇ. ಬಕೆಟ್‌ಗೆ ಆಯಿಲ್ ಬರ್ತಾನೇ ಇದ್ರೆ ಹೊಸ ಪಿಸ್ಟನ್ ಸೀಲೇ ಕೂತಿಲ್ಲ. ಆಯಿಲೂ ಬರಲ್ಲ, ಲೋಡೂ ಇಳಿಯತ್ತೆ ಅಂದ್ರೆ ಸೀಟ್‌ನಲ್ಲಿ ಕಸ ಅಥ್ವಾ ಸೆಟ್ಟಿಂಗ್ ಕಮ್ಮಿ.

ಆಗ ಸ್ಕ್ರೂ ಟೈಟ್ ಮಾಡೋಣ ಅಂತ ಬಲಗಡೆ ತಿರುಗಿಸ್ಬೇಡಿ. ಕೆಲವು ಕಾರ್ಟ್ರಿಜ್‌ಗಳಲ್ಲಿ ಬಲಕ್ಕೆ ತಿರುಗಿಸಿದ್ರೆ ಸೆಟ್ಟಿಂಗ್ ಕಮ್ಮಿ ಆಗತ್ತೆ. ಹಂಗೆ ತಿರುಗಿಸಿ ಲೋಡ್ ದಬಕ್ಕಂತ ಕೂತಿದ್ದನ್ನ ನಾನೇ ನೋಡಿದೀನಿ, ಕ್ಯಾಟಲಾಗ್ ತೆಗೆದು ಬಾಣದ ಗುರುತು ನೋಡ್ಕೊಂಡೇ ಕೈ ಹಾಕಿ.