ಸೈಟೇಶನ್: ಪ್ರಶಸ್ತಿ ಯಾವುದಕ್ಕೆ, ಯಾವ ವರ್ಷದ್ದು, ಜೊತೆಗೆ ಯಾರು?

ನೊಬೆಲ್ ಪ್ರಶಸ್ತಿ ಘೋಷಿಸುವಾಗ ಹೆಸರಿನ ಜೊತೆ ಒಂದು ವಾಕ್ಯವನ್ನೂ ಓದುತ್ತಾರೆ. ಈ ವಿಜ್ಞಾನಿಗೆ ಯಾವ ಕೆಲಸಕ್ಕಾಗಿ ಪ್ರಶಸ್ತಿ ಕೊಡುತ್ತಿದ್ದೇವೆ ಅಂತ ಹೇಳುವ ವಾಕ್ಯ ಅದು. ಅದಕ್ಕೆ ಸೈಟೇಶನ್ ಅನ್ನುತ್ತಾರೆ. ಒಂದು ಸಂಶೋಧನಾ ಲೇಖನ ಇನ್ನೊಂದು ಲೇಖನವನ್ನು ಉಲ್ಲೇಖಿಸುವುದಕ್ಕೂ ಇದೇ ಹೆಸರಿದೆ. ಅದು ಬೇರೆ ವಿಷಯ, ಇಲ್ಲಿ ಬೇಡ. ನೊಬೆಲ್ ಸಂಸ್ಥೆಯ ತಾಣ nobelprize.org ನಲ್ಲಿ ಪ್ರತಿ ವಿಜ್ಞಾನಿಯ ಪುಟದಲ್ಲೂ Prize motivation ಅಂತ ಬರೆದು ಈ ವಾಕ್ಯ ಕೊಟ್ಟಿರುತ್ತಾರೆ. ಅದರ ಹತ್ತಿರವೇ Prize share ಅಂತ ಒಂದು ಭಿನ್ನರಾಶಿ ಇರುತ್ತದೆ: 1/1, 1/2, 1/3 ಅಥವಾ 1/4.

ಈ ವಾಕ್ಯವನ್ನೂ ಈ ಭಿನ್ನರಾಶಿಯನ್ನೂ ಸರಿಯಾಗಿ ಓದಿದರೆ ಪ್ರಶಸ್ತಿಯ ಬಗ್ಗೆ ಓಡಾಡುವ ಅರ್ಧಕ್ಕರ್ಧ ತಪ್ಪು ಮಾತುಗಳು ಅಲ್ಲೇ ನಿಂತುಹೋಗುತ್ತವೆ. ಎಸ್. ಚಂದ್ರಶೇಖರ್ ಅವರ ನೊಬೆಲ್ ತೆಗೆದುಕೊಂಡು ನೋಡೋಣ. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವ ಪ್ರಶಸ್ತಿ. ಬಹಳ ಜನ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: 'ಚಂದ್ರಶೇಖರ್ ಮಿತಿ ಕಂಡುಹಿಡಿದದ್ದಕ್ಕೆ 1983ರಲ್ಲಿ ಫೌಲರ್ ಜೊತೆ ಸೇರಿ ನೊಬೆಲ್ ಪಡೆದರು.' ಈ ಸಾಲಿನಲ್ಲಿ ವರ್ಷ ಸರಿ, ಜೊತೆಗಾರನ ಹೆಸರೂ ಸರಿ. ಉಳಿದದ್ದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಚಂದ್ರಶೇಖರ್ ಅವರ ಸೈಟೇಶನ್ ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: ನಕ್ಷತ್ರಗಳ ರಚನೆ ಮತ್ತು ವಿಕಾಸಕ್ಕೆ ಮುಖ್ಯವಾದ ಭೌತಿಕ ಪ್ರಕ್ರಿಯೆಗಳ ಬಗ್ಗೆ ನಡೆಸಿದ ಸೈದ್ಧಾಂತಿಕ ಅಧ್ಯಯನಗಳಿಗಾಗಿ. ಇದರಲ್ಲಿ 'ಮಿತಿ' ಇಲ್ಲ. ಇಂಧನ ಮುಗಿದು ಕುಗ್ಗಿದ ನಕ್ಷತ್ರಕ್ಕೆ ಹೇಳುವ ಶ್ವೇತಕುಬ್ಜ ಅನ್ನುವ ಮಾತೂ ಇಲ್ಲ. 'ಕಂಡುಹಿಡಿದದ್ದಕ್ಕೆ' ಅನ್ನೋದೂ ಇಲ್ಲ, 'ಅಧ್ಯಯನಗಳಿಗಾಗಿ' ಅಂತ ಬಹುವಚನದಲ್ಲಿದೆ.

ಹಾಗಾದರೆ ಮಿತಿಗೂ ಪ್ರಶಸ್ತಿಗೂ ಸಂಬಂಧವೇ ಇಲ್ಲವಾ? ಖಂಡಿತ ಇದೆ. 1930ರಲ್ಲಿ, 19ರ ಹರೆಯದಲ್ಲಿ, ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಅವರು ಆ ಲೆಕ್ಕ ಶುರುಮಾಡಿದರು. ಶ್ವೇತಕುಬ್ಜದ ದ್ರವ್ಯರಾಶಿ ಒಂದು ಹಂತ ದಾಟಿದರೆ ಅದು ತನ್ನ ಭಾರವನ್ನು ತಾನೇ ತಡೆದುಕೊಳ್ಳಲಾರದು. ಆ ಹಂತ ಸೂರ್ಯನ ಸುಮಾರು 1.4 ಪಟ್ಟು ಅಂತ ಈಗ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ನಕ್ಷತ್ರ ಹೇಗೆ ಕೊನೆಯಾಗುತ್ತದೆ ಅನ್ನುವ ಪ್ರಶ್ನೆಗೆ ಇದು ನೇರವಾಗಿ ಸೇರುತ್ತದೆ. ಹಾಗಾಗಿ ಸೈಟೇಶನ್ನಿನ ಒಳಗೆ ಮಿತಿ ಬರುತ್ತದೆ. ಆದರೆ ಸೈಟೇಶನ್ ಮಿತಿಗಿಂತ ದೊಡ್ಡದು. ಚಂದ್ರಶೇಖರ್ ಒಂದು ವಿಷಯ ಹಿಡಿದರೆ ವರ್ಷಗಟ್ಟಲೆ ಅದರಲ್ಲೇ ಮುಳುಗಿ, ಒಂದು ದಪ್ಪ ಪುಸ್ತಕ ಬರೆದು, ಆಮೇಲೆ ಬೇರೆ ವಿಷಯಕ್ಕೆ ಹೋಗುತ್ತಿದ್ದವರು. ನಕ್ಷತ್ರಗಳ ರಚನೆ, ನಕ್ಷತ್ರ ಸಮೂಹಗಳ ಚಲನೆ, ನಕ್ಷತ್ರದ ವಾತಾವರಣದಲ್ಲಿ ಬೆಳಕು ಸಾಗುವ ಬಗೆ, ದ್ರವಗಳ ಸ್ಥಿರತೆ, ಕೊನೆಗೆ ಕಪ್ಪುಕುಳಿಗಳ ಗಣಿತ. 53 ವರ್ಷಗಳ ಈ ದುಡಿಮೆಯನ್ನೆಲ್ಲ ಹಡಗಿನ ಒಂದು ಪ್ರಯಾಣಕ್ಕೆ ಇಳಿಸಿದರೆ ಕತೆ ಚೆನ್ನಾಗಿ ಕೇಳಿಸುತ್ತದೆ, ಅಷ್ಟೇ.

ಅದಕ್ಕೇ ನನ್ನ ಪ್ರಕಾರ ಬರೆಯುವಾಗ ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಇಡಬೇಕು. ಪ್ರಶಸ್ತಿ ಯಾವುದಕ್ಕೆ ಅನ್ನುವ ವಾಕ್ಯದಲ್ಲಿ ಸೈಟೇಶನ್ ಏನು ಹೇಳುತ್ತದೋ ಅಷ್ಟು ಮಾತ್ರ. ಆ ವಿಜ್ಞಾನಿ ಯಾವುದಕ್ಕೆ ಹೆಸರುವಾಸಿ ಅನ್ನೋದು ಮುಂದಿನ ವಾಕ್ಯದಲ್ಲಿ ಬರಲಿ.

ಈಗ ಫೌಲರ್ ವಿಷಯ. ವಿಲಿಯಂ ಫೌಲರ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದವರು. ಚಂದ್ರಶೇಖರ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದರು. 'ಜೊತೆ ಸೇರಿ ಪಡೆದರು' ಅಂದಾಗ ಇಬ್ಬರೂ ಕೂಡಿ ಏನೋ ಒಂದು ಕೆಲಸ ಮಾಡಿದರು ಅಂತ ಓದುಗರಿಗೆ ಅನ್ನಿಸುತ್ತದೆ ಅಲ್ವಾ? ಆದರೆ ಫೌಲರ್ ಅವರ ಸೈಟೇಶನ್ನೇ ಬೇರೆ. ವಿಶ್ವದಲ್ಲಿ ಧಾತುಗಳು ಹುಟ್ಟಿಕೊಳ್ಳಲು ಮುಖ್ಯವಾದ ನ್ಯೂಕ್ಲಿಯರ್ ಕ್ರಿಯೆಗಳ ಬಗ್ಗೆ ನಡೆಸಿದ ಸೈದ್ಧಾಂತಿಕ ಮತ್ತು ಪ್ರಾಯೋಗಿಕ ಅಧ್ಯಯನಗಳಿಗಾಗಿ ಅಂತ ಅದರಲ್ಲಿದೆ. ಒಂದೇ ಪ್ರಶಸ್ತಿ, ಎರಡು ಸೈಟೇಶನ್, ಇಬ್ಬರಿಗೂ 1/2 ಪಾಲು. ಒಬ್ಬರು ಕಾಗದದ ಮೇಲೆ ನಕ್ಷತ್ರದ ರಚನೆ ಲೆಕ್ಕ ಹಾಕಿದವರು. ಇನ್ನೊಬ್ಬರು ನಕ್ಷತ್ರದ ಒಳಗೆ ನಡೆಯುವ ಕ್ರಿಯೆಗಳ ವೇಗವನ್ನು ಪ್ರಯೋಗಶಾಲೆಯಲ್ಲಿ ಅಳೆದವರೂ ಹೌದು.

ನೊಬೆಲ್ ನಿಯಮಾವಳಿಯಲ್ಲೇ ಈ ವ್ಯತ್ಯಾಸ ಇದೆ. ಪ್ರಶಸ್ತಿಗೆ ಯೋಗ್ಯವಾದ ಎರಡು ಬೇರೆ ಕೆಲಸಗಳಿದ್ದರೆ ಹಣವನ್ನು ಸಮನಾಗಿ ಎರಡು ಭಾಗ ಮಾಡಬಹುದು. ಒಂದೇ ಕೆಲಸವನ್ನು ಇಬ್ಬರು ಅಥವಾ ಮೂವರು ಮಾಡಿದ್ದರೆ ಅವರಿಗೆ ಜಂಟಿಯಾಗಿ ಕೊಡಬಹುದು. ಯಾವ ಕಾರಣಕ್ಕೂ ಮೂರಕ್ಕಿಂತ ಜಾಸ್ತಿ ಜನರ ನಡುವೆ ಹಂಚುವಂತಿಲ್ಲ. ಇದು ಗೊತ್ತಿದ್ದರೆ ಭಿನ್ನರಾಶಿ ತಾನಾಗಿಯೇ ಮಾತಾಡುತ್ತದೆ. 2009ರ ರಸಾಯನಶಾಸ್ತ್ರದಲ್ಲಿ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಆಡಾ ಯೋನತ್ ಮೂವರಿಗೂ 1/3. ಸೈಟೇಶನ್ ಒಂದೇ: ರೈಬೋಸೋಮ್‌ನ ರಚನೆ ಮತ್ತು ಕಾರ್ಯದ ಅಧ್ಯಯನಗಳಿಗಾಗಿ. ಆದರೆ 2020ರ ಭೌತಶಾಸ್ತ್ರದಲ್ಲಿ ರೋಜರ್ ಪೆನ್‌ರೋಸ್‌ಗೆ 1/2, ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ ತಲಾ 1/4. ಅಂದರೆ ಅಲ್ಲಿ ಎರಡು ಕೆಲಸ. ಸಾಪೇಕ್ಷತಾ ಸಿದ್ಧಾಂತ ಒಪ್ಪಿದರೆ ಕಪ್ಪುಕುಳಿ ಹುಟ್ಟುವುದನ್ನೂ ಒಪ್ಪಲೇಬೇಕು ಅಂತ ತೋರಿಸಿದವರು ಪೆನ್‌ರೋಸ್. ನಮ್ಮ ಗ್ಯಾಲಕ್ಸಿಯ ನಡುವೆ ಭಾರೀ ದ್ರವ್ಯರಾಶಿಯ ಒಂದು ಕಾಯ ಇದೆ ಅಂತ ಕಂಡವರು ಉಳಿದಿಬ್ಬರು. ಗೆಂಜೆಲ್ ಮತ್ತು ಗೆಜ್ ಬೇರೆ ಬೇರೆ ತಂಡಗಳಲ್ಲಿದ್ದರು. ಹಾಗಾಗಿ ಸೈಟೇಶನ್ ಒಂದೇ ಇದ್ದರೂ ಒಂದೇ ತಂಡ ಅಂತ ಅರ್ಥ ಮಾಡಿಕೊಳ್ಳುವಂತಿಲ್ಲ. ಆ ಸೈಟೇಶನ್ನಿನಲ್ಲಿ 'ಕಪ್ಪುಕುಳಿ' ಅಂತ ಬರೆದೇ ಇಲ್ಲ ಅನ್ನೋದನ್ನೂ ನೋಡಿ. ಕಂಡದ್ದು ಕಪ್ಪುಕುಳಿಯೇ ಅಂತ ಘಂಟಾಘೋಷವಾಗಿ ಹೇಳದೆ ದಟ್ಟವಾದ ಕಾಯ ಅಂತಷ್ಟೇ ಅಂದಿದ್ದಾರೆ. ಪತ್ರಿಕೆಗಳ ತಲೆಬರಹಗಳು ಅಷ್ಟು ಹುಷಾರಾಗಿರಲಿಲ್ಲ.

ಸೈಟೇಶನ್‌ನಿಂದ ಉತ್ತರ ಸಿಗದ ಪ್ರಶ್ನೆಯೂ ಒಂದಿದೆ: ಫಲಾನಾ ವಿಜ್ಞಾನಿಯನ್ನು ಯಾಕೆ ಬಿಟ್ಟರು? ಧಾತುಗಳು ನಕ್ಷತ್ರಗಳಲ್ಲಿ ಹೇಗೆ ಹುಟ್ಟುತ್ತವೆ ಅನ್ನುವ 1957ರ ಪ್ರಸಿದ್ಧ ಲೇಖನಕ್ಕೆ ನಾಲ್ವರು ಲೇಖಕರು: ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ಫೌಲರ್, ಫ್ರೆಡ್ ಹಾಯ್ಲ್. ಪ್ರಶಸ್ತಿ ಬಂದದ್ದು ಫೌಲರ್‌ಗೆ ಮಾತ್ರ. ಹಾಯ್ಲ್ ಅವರನ್ನು ಬಿಟ್ಟದ್ದರ ಬಗ್ಗೆ ನಾನಾ ಕತೆಗಳಿವೆ. ನಾಮನಿರ್ದೇಶನದ ಕಾಗದಗಳನ್ನು ಕನಿಷ್ಠ 50 ವರ್ಷ ಗುಟ್ಟಾಗಿ ಇಡುವುದು ನಿಯಮ. 1983ರ ಕಡತಗಳಿಗೆ ಆ ಕಾಲ ಇನ್ನೂ ತುಂಬಿಲ್ಲ. ಅಲ್ಲಿಯವರೆಗೆ ಈ ಕತೆಗಳನ್ನು ಊಹೆ ಅಂತಲೇ ಬರೆಯಬೇಕು.

ವರ್ಷದ ವಿಷಯ ಸುಲಭ ಅನ್ನಿಸುತ್ತದೆ. ಚಂದ್ರಶೇಖರ್ ವಿಷಯದಲ್ಲಿ ನಿಜಕ್ಕೂ ಸುಲಭ. 1983ರ ಅಕ್ಟೋಬರ್ 19ರಂದು ಘೋಷಣೆ. ಅದು ಅವರ 73ನೇ ಹುಟ್ಟುಹಬ್ಬವೂ ಹೌದು. ಡಿಸೆಂಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಉಪನ್ಯಾಸ, 10ರಂದು ಸಮಾರಂಭ. ಎಲ್ಲವೂ ಒಂದೇ ವರ್ಷದೊಳಗೆ.

ಐನ್‌ಸ್ಟೈನ್ ವಿಷಯಕ್ಕೆ ಬಂದರೆ ಇದೇ ಸುಲಭದ ಕೆಲಸ ಕೈಕೊಡುತ್ತದೆ. 1921ರಲ್ಲಿ ಬಂದ ಯಾವ ನಾಮನಿರ್ದೇಶನವೂ ಭೌತಶಾಸ್ತ್ರದ ಪ್ರಶಸ್ತಿಗೆ ತಕ್ಕದ್ದಲ್ಲ ಅಂತ ಸಮಿತಿ ತೀರ್ಮಾನಿಸಿತು. ಅಂಥ ಸಂದರ್ಭದಲ್ಲಿ ಆ ವರ್ಷದ ಪ್ರಶಸ್ತಿಯನ್ನು ಮುಂದಿನ ವರ್ಷಕ್ಕೆ ಕಾದಿರಿಸಲು ನಿಯಮದಲ್ಲಿ ಅವಕಾಶ ಇದೆ. ಹಾಗೆ ಉಳಿಸಿದ 1921ರ ಪ್ರಶಸ್ತಿಯನ್ನು 1922ರ ನವೆಂಬರ್‌ನಲ್ಲಿ ಐನ್‌ಸ್ಟೈನ್‌ಗೆ ಕೊಟ್ಟರು. 1922ರ ಪ್ರಶಸ್ತಿ ಆಗಲೇ ನೀಲ್ಸ್ ಬೋರ್‌ಗೆ ಹೋಯಿತು. ಡಿಸೆಂಬರ್ ಸಮಾರಂಭಕ್ಕೆ ಐನ್‌ಸ್ಟೈನ್ ಇರಲಿಲ್ಲ, ಜಪಾನ್ ಪ್ರವಾಸದಲ್ಲಿದ್ದರು. ಉಪನ್ಯಾಸ ಕೊಟ್ಟದ್ದು 1923ರ ಜುಲೈನಲ್ಲಿ, ಗೋಥೆನ್‌ಬರ್ಗ್‌ನಲ್ಲಿ. ಹೀಗಾಗಿ 1921, 1922, 1923 ಮೂರೂ ಇಸವಿಗಳು ಬೇರೆ ಬೇರೆ ಕಡೆ ಕಾಣಿಸುತ್ತವೆ. ಮೂರಕ್ಕೂ ಆಧಾರವಿದೆ! ಸರಿಯಾಗಿ ಬರೆಯಬೇಕಾದರೆ '1921ರ ನೊಬೆಲ್, 1922ರಲ್ಲಿ ನೀಡಿದ್ದು' ಅನ್ನಬೇಕು. ಅವರ ಜೊತೆ ಬೋರ್ ಹಂಚಿಕೊಂಡರು ಅಂತ ಬರೆದರೆ ತಪ್ಪು. ಘೋಷಣೆ ಒಟ್ಟಿಗೆ ಆಯಿತು, ಪ್ರಶಸ್ತಿಗಳು ಎರಡು, ಇಬ್ಬರದೂ 1/1.

ಸೈಟೇಶನ್ ಇಲ್ಲೂ ಪಾಠ ಹೇಳುತ್ತದೆ. ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಸಲ್ಲಿಸಿದ ಸೇವೆಗಾಗಿ, ವಿಶೇಷವಾಗಿ ದ್ಯುತಿವಿದ್ಯುತ್ ಪರಿಣಾಮದ ನಿಯಮವನ್ನು ಕಂಡುಹಿಡಿದದ್ದಕ್ಕಾಗಿ ಅಂತ ಅದರಲ್ಲಿದೆ. ಸಾಪೇಕ್ಷತೆಯ ಹೆಸರಿಲ್ಲ. ತಮಾಷೆ ಏನೆಂದರೆ ಗೋಥೆನ್‌ಬರ್ಗ್‌ನಲ್ಲಿ ಅವರು ಮಾತಾಡಿದ್ದು ಸಾಪೇಕ್ಷತೆಯ ಬಗ್ಗೆಯೇ. ಹಾಗಾಗಿ ಉಪನ್ಯಾಸದ ತಲೆಬರಹ ನೋಡಿ ಪ್ರಶಸ್ತಿ ಯಾವುದಕ್ಕೆ ಅಂತ ತೀರ್ಮಾನಿಸಬಾರದು.

ಇನ್ನು ಹೆಸರು. ಬೇರೆಲ್ಲ ಸರಿ ಇದ್ದು ಆಸಾಮಿಯೇ ಬೇರೆಯಾಗಿಬಿಟ್ಟರೆ? ಚಂದ್ರಶೇಖರ್ ಅವರ ಮೊದಲ ಹೆಸರನ್ನು ನೊಬೆಲ್ ತಾಣ Subramanyan ಅಂತ ಬರೆಯುತ್ತದೆ. ಬೇರೆ ಬಹಳ ಕಡೆ Subrahmanyan ಅಂತ ಇದೆ. ಒಂದು ರೂಪದಲ್ಲಿ ಹುಡುಕಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಬೇಕು. ಇದಕ್ಕಿಂತ ದೊಡ್ಡ ಗೊಂದಲ ನಮ್ಮ ಬೆಂಗಳೂರಿನದೇ. ಇಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇನ್ನೊಬ್ಬ ಎಸ್. ಚಂದ್ರಶೇಖರ್ ಇದ್ದರು. ಅವರು ಶಿವರಾಮಕೃಷ್ಣ ಚಂದ್ರಶೇಖರ್. ದ್ರವಸ್ಫಟಿಕಗಳ ವಿಜ್ಞಾನಿ. ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆ ಅಂತ 1977ರಲ್ಲಿ ತೋರಿಸಿದ ತಂಡ ಅವರದು. ಇನಿಷಿಯಲ್ ಒಂದೇ, ಹೆಸರು ಒಂದೇ, ಭೌತಶಾಸ್ತ್ರ ಒಂದೇ. ಸಾಲದ್ದಕ್ಕೆ ಇಬ್ಬರೂ ಸಿ. ವಿ. ರಾಮನ್ ಅವರಿಗೆ ಸಂಬಂಧ: ಒಬ್ಬರು ಅಣ್ಣನ ಮಗ, ಇನ್ನೊಬ್ಬರು ಸೋದರಿಯ ಮಗ. ಯಾವುದೋ ಪದಕದ ಪಟ್ಟಿಯಲ್ಲಿ ಬರೀ 'ಎಸ್. ಚಂದ್ರಶೇಖರ್' ಅಂತ ಕಂಡರೆ ಪಕ್ಕದಲ್ಲಿ ಯಾವ ಸಂಸ್ಥೆಯ ಹೆಸರಿದೆ ಅಂತ ನೋಡಿ. ಷಿಕಾಗೊ ಇದ್ದರೆ ನಕ್ಷತ್ರದವರು, ಬೆಂಗಳೂರು ಇದ್ದರೆ ದ್ರವಸ್ಫಟಿಕದವರು. ನೊಬೆಲ್ ಪುಟದಲ್ಲಿ Affiliation at the time of the award ಅಂತ ಒಂದು ಸಾಲು ಇರುವುದು ಇದಕ್ಕೆ ಒದಗುತ್ತದೆ. ಆ ಸಾಲು ಹೇಳುವುದು ಪ್ರಶಸ್ತಿ ಬಂದ ಹೊತ್ತಿಗೆ ಎಲ್ಲಿದ್ದರು ಅನ್ನೋದನ್ನು ಮಾತ್ರ. ರಾಮನ್ ಅವರ ಪುಟದಲ್ಲಿ ಹುಡುಕಿದರೆ ಕಾಣುವುದು ಬೆಂಗಳೂರಲ್ಲ, ಕಲ್ಕತ್ತಾ. 1930ರಲ್ಲಿ ಅವರಿದ್ದದ್ದು ಅಲ್ಲಿ. ಬೆಂಗಳೂರಿಗೆ ಬಂದದ್ದು 1933ರಲ್ಲಿ.